ಒಂದು ಲೀಟರ್ ಹಾಲಿಗೆ ನಿಮಗೆ ನಿಜವಾಗಿ ಎಷ್ಟು ಖರ್ಚು ಬೀಳುತ್ತದೆ? ಎರಡು ಆಕಳ ಮನೆಯ ಪೂರ್ತಿ ಲೆಕ್ಕ

ಹಾಲಿನ ಖರ್ಚು ಎಷ್ಟು ಬೀಳುತ್ತದೆ ಅಂತ ಕೇಳಿದರೆ ನಮ್ಮ ಕಡೆ ಬಹಳ ಮಂದಿ ಹೇಳುವ ಲೆಕ್ಕ ಹೀಗಿರುತ್ತದೆ: "ಆಕಳು ದಿನಕ್ಕೆ 14 ಲೀಟರ್ ಕೊಡ್ತದ್ರಿ. ಆರೂವರೆ ಕೆಜಿ ಫೀಡ್, ಅದಕ್ಕ 169 ರೂಪಾಯಿ. ಕಣಕಿ 25, ಹಸಿ ಮೇವು 30. ಒಟ್ಟು 224 ಆತು. ಭಾಗಿಸಿದರ 16 ರೂಪಾಯಿ ಬೀಳ್ತದ."

ಈ ಲೆಕ್ಕದಲ್ಲಿ ಕೂಡಿಸಿದ್ದು, ಭಾಗಿಸಿದ್ದು ಎಲ್ಲ ಸರಿ ಇದೆ. ಆದರೆ ದಿನ ಆಯ್ದುಕೊಂಡದ್ದು ತಪ್ಪು. ಅದು ಈದು ಎರಡು ತಿಂಗಳಾದ ಆಕಳು, ಅತಿ ಹೆಚ್ಚು ಹಾಲು ಕೊಡುವ ದಿನ. ಅದೇ ಆಕಳು ಬತ್ತಿದ ಮೇಲೂ ಮೂರು-ನಾಲ್ಕು ತಿಂಗಳು ಗೋದಲಿಯಲ್ಲಿ ನಿಂತು ತಿನ್ನುತ್ತದೆ, ಆ ದಿನಗಳ ಖರ್ಚು ಈ 16 ರೂಪಾಯಿಯಲ್ಲಿ ಎಲ್ಲೂ ಇಲ್ಲ. ಮನೆಯವರ ದುಡಿಮೆ ಇಲ್ಲ, ಆಕಳ ಬೆಲೆ ವರ್ಷ ವರ್ಷ ಇಳಿಯುವುದೂ ಇಲ್ಲ. ಹಾಗಾಗಿ ಡೇರಿ ದುಡ್ಡು ಬಂದರೂ ಕೈಯಲ್ಲಿ ಉಳಿಯುವುದಿಲ್ಲ, ಯಾಕೆ ಅಂತ ತಿಳಿಯುವುದೂ ಇಲ್ಲ.

ಶಿಗ್ಗಾಂವಿ ಕಡೆಯ ಒಂದು ಮನೆ ಇಟ್ಟುಕೊಂಡು ಹಂತ ಹಂತವಾಗಿ ಲೆಕ್ಕ ಮಾಡೋಣ. ಎರಡು ಎಚ್‌ಎಫ್ ಮಿಶ್ರತಳಿ ಆಕಳು, ಕಣಕಿ ಸ್ವಂತ ಹೊಲದ್ದು, ಬೋರ್‌ವೆಲ್ ಕೆಳಗೆ ಒಂದಿಷ್ಟು ಗುಂಟೆ ನೇಪಿಯರ್ ಹುಲ್ಲು, ಕೆಲಸ ಪೂರ್ತಿ ಮನೆಯವರದೇ. ಇಲ್ಲಿನ ಬೆಲೆಗಳನ್ನು ಲೆಕ್ಕ ತೋರಿಸುವುದಕ್ಕೆ ಹಿಡಿದಿದ್ದೇನೆ. ನಿಮ್ಮ ಊರಿನ ಬೆಲೆ ಹಾಕಿಕೊಳ್ಳಿ, ಆದರೆ ಹಂತಗಳ ಕ್ರಮ ಮಾತ್ರ ಬದಲಿಸಬೇಡಿ.

## ಮೊದಲು ಏನೇನು ಬೇಕು

ಒಂದು ದಪ್ಪ ನೋಟ್‌ಬುಕ್, ಡೇರಿ ಪಾಸ್‌ಬುಕ್ ಇಲ್ಲವೇ ಚೀಟಿಗಳು, ಪಶು ಆಹಾರದ ಅಂಗಡಿಯ ಬಿಲ್ಲುಗಳು, ತೂಗು ಹಾಕುವ ಸ್ಪ್ರಿಂಗ್ ಕಾಟಾ, ಮತ್ತೆ ಫೋನಿನಲ್ಲಿರುವ ಕ್ಯಾಲ್ಕುಲೇಟರ್. ಇಷ್ಟೇ ಸಾಕು. ಕಾಟಾ ಬಿಡಬೇಡಿ. ಬುಟ್ಟಿ, ಹೊರೆ, ಸೂಡು ಅಂತ ಅಂದಾಜಿನಲ್ಲಿ ಹೇಳಿದ ಮೇವನ್ನು ತೂಗಿ ನೋಡಿದರೆ ಬಹಳ ಸಲ ತೂಕ ಬೇರೆಯೇ ಬರುತ್ತದೆ.

ಎಮ್ಮೆಯೂ ಇದ್ದರೆ ಅದಕ್ಕೆ ಬೇರೆ ಪುಟ ಮಾಡಿ. ಎಮ್ಮೆ ಹಾಲಿನ ಫ್ಯಾಟ್ ಬೇರೆ, ದರ ಬೇರೆ, ತಿನ್ನುವ ಲೆಕ್ಕವೂ ಬೇರೆ. ಎರಡನ್ನೂ ಕಲಸಿ ಒಂದೇ ಸರಾಸರಿ ತೆಗೆದರೆ ಯಾವುದು ನಷ್ಟ ಮಾಡುತ್ತಿದೆ ಅಂತ ಗೊತ್ತಾಗುವುದೇ ಇಲ್ಲ.

## ಹಂತ 1: ಅವಧಿ ಗಟ್ಟಿ ಮಾಡಿ

ಒಂದು ದಿನದ ಲೆಕ್ಕ ಬೇಡ, ಒಂದು ತಿಂಗಳದ್ದೂ ಬೇಡ. ಪೂರ್ತಿ ಒಂದು ವರ್ಷ ಹಿಡಿಯಿರಿ. ನಮ್ಮ ಕಡೆ ಏಪ್ರಿಲ್ 1ರಿಂದ ಮಾರ್ಚ್ 31ರವರೆಗೆ ಹಿಡಿಯುವುದು ಅನುಕೂಲ, ಯಾಕಂದ್ರೆ ಹಿಂಗಾರಿ ಜೋಳ ಕೊಯ್ದು ಕಣಕಿ ಬಣವೆ ಒಟ್ಟಿ ಆಗಿರುತ್ತದೆ, ಎಷ್ಟಿದೆ ಅಂತ ಕಣ್ಣಿಗೆ ಕಾಣುತ್ತದೆ.

ಅವಧಿ ಶುರುವಾಗುವ ದಿನ ಬಣವೆಯಲ್ಲಿ ಎಷ್ಟು ಕಣಕಿ ಇದೆ, ಮನೆಯಲ್ಲಿ ಎಷ್ಟು ಚೀಲ ಫೀಡ್ ಇದೆ, ಬರೆದಿಡಿ. ಮುಗಿಯುವ ದಿನ ಮತ್ತೆ ಬರೆಯಿರಿ. ಮೊದಲಿದ್ದದ್ದಕ್ಕೆ ನಡುವೆ ತಂದದ್ದನ್ನು ಕೂಡಿಸಿ, ಕೊನೆಗೆ ಉಳಿದದ್ದನ್ನು ಕಳೆದರೆ ತಿಂದದ್ದು ಸಿಗುತ್ತದೆ. ಬರೀ ಬಿಲ್ಲು ಕೂಡಿಸಿದರೆ ಮಾರ್ಚ್ ಕೊನೆಗೆ ತಂದ ಹತ್ತು ಚೀಲ ಈ ವರ್ಷದ ತಲೆಗೆ ಬಂದು ಕೂರುತ್ತದೆ.

ಇಲ್ಲಿ ಇನ್ನೊಂದು ಅಂಕಿ ತೆಗೆಯಲೇಬೇಕು, ಅದೇ ಹಾಲು ಕೊಟ್ಟ ದಿನಗಳ ಪಾಲು. ಎರಡು ಆಕಳಿಗೆ ವರ್ಷದಲ್ಲಿ ಒಟ್ಟು 730 ದಿನ. ನಮ್ಮ ಲೆಕ್ಕದ ಮನೆಯಲ್ಲಿ ಒಂದು ಆಕಳು 300 ದಿನ, ಇನ್ನೊಂದು 260 ದಿನ ಹಾಲು ಕೊಟ್ಟಿದೆ. ಒಟ್ಟು 560, ಅಂದರೆ ಸುಮಾರು ಶೇ. 77. ಆಕಳು ವರ್ಷಕ್ಕೊಂದು ಕರು ಹಾಕಿ 305 ದಿನ ಹಾಲು ಕೊಟ್ಟರೆ ಈ ಪಾಲು ಸುಮಾರು ಶೇ. 84 ಆಗುತ್ತದೆ. ನಿಮ್ಮಲ್ಲಿ ಶೇ. 90ರ ಮೇಲೆ ಬಂದರೆ ಖುಷಿಪಡುವ ಮೊದಲು ಯೋಚಿಸಿ. ಎರಡೂ ಆಕಳ ಹಾಲಿನ ದಿನಗಳು ಈ ವರ್ಷದೊಳಗೇ ಬಂದು, ಬತ್ತಿದ ದಿನಗಳು ಮುಂದಿನ ವರ್ಷಕ್ಕೆ ಜಾರಿರಬಹುದು. ಆಗ ಒಂದು ಸಲ ಈದ ದಿನದಿಂದ ಮುಂದಿನ ಸಲ ಈಯುವ ದಿನದವರೆಗೆ ಲೆಕ್ಕ ಹಿಡಿಯುವುದೇ ಸರಿ. ಒಂದೇ ಆಕಳಿದ್ದವರು ಯಾವಾಗಲೂ ಹಾಗೇ ಮಾಡಬೇಕು.

## ಹಂತ 2: ಹಾಲು ಅಳೆಯಿರಿ, ಎಲ್ಲವನ್ನೂ

ಡೇರಿಗೆ ಹಾಕಿದ್ದು ಮಾತ್ರ ಹಾಲಲ್ಲ. ಮನೆಗೆ ಇಟ್ಟುಕೊಂಡದ್ದು, ಪಕ್ಕದ ಮನೆಗೆ ಕೊಟ್ಟದ್ದು ಎಲ್ಲ ಸೇರಬೇಕು. ಇಲ್ಲಿ ಡೇರಿಗೆ 4,250 ಲೀಟರ್, ಮನೆಗೆ ದಿನಕ್ಕೊಂದರಂತೆ 365, ಓಣಿಯಲ್ಲಿ ಮಾರಿದ್ದು 295. ಒಟ್ಟು 4,910 ಲೀಟರ್.

ಡೇರಿ ಚೀಟಿಯಲ್ಲಿ ಅಳತೆ ಕೆಜಿಯಲ್ಲಿದೆಯಾ ಲೀಟರಿನಲ್ಲಿದೆಯಾ ನೋಡಿ. ಒಂದು ಲೀಟರ್ ಹಾಲು ಸುಮಾರು 1.03 ಕೆಜಿ ತೂಗುತ್ತದೆ. ಕೆಜಿಯಲ್ಲಿದ್ದರೆ 1.03ರಿಂದ ಭಾಗಿಸಿ. ಮನೆಯಲ್ಲಿ ಅಳೆಯುವಾಗ ನೊರೆ ಇಳಿಯಲು ಬಿಡಿ, ಇಲ್ಲದಿದ್ದರೆ ಲೀಟರ್ ಪಾತ್ರೆ ಪ್ರತಿ ಸಲ ಸುಳ್ಳು ಹೇಳುತ್ತದೆ.

ಯಾವ ಆಕಳು ಎಷ್ಟು ಕೊಟ್ಟಿತು ಅಂತಲೂ ಗೊತ್ತಿರಬೇಕು. ಅದಕ್ಕೆ ದಿನಾ ಬರೆಯಬೇಕಿಲ್ಲ. 15 ದಿನಕ್ಕೊಮ್ಮೆ, ಒಂದೇ ದಿನ ಬೆಳಿಗ್ಗೆ ಮತ್ತು ಸಂಜೆ ಎರಡೂ ಹೊತ್ತು ಪ್ರತಿ ಆಕಳ ಹಾಲು ಬೇರೆ ಅಳೆದು 15ರಿಂದ ಗುಣಿಸಿ. ಹೀಗೆ ಬಂದ ಮೊತ್ತ ಮೇಲಿನ 4,910ಕ್ಕೆ ಹತ್ತಿರ ಇರಬೇಕು. ಇನ್ನೂರು-ಮುನ್ನೂರು ಲೀಟರ್ ವ್ಯತ್ಯಾಸ ಬಂದರೆ ಮನೆ ಹಾಲು ಅಥವಾ ಚಿಲ್ಲರೆ ಮಾರಾಟ ಎಲ್ಲೋ ಬಿಟ್ಟುಹೋಗಿದೆ. ಇಲ್ಲಿ ಮೊದಲ ಆಕಳು 2,700 ಲೀಟರ್, ಎರಡನೆಯದು 2,210.

ಕರು ಕುಡಿದದ್ದನ್ನೂ ಗಿಣ್ಣದ ಹಾಲನ್ನೂ ಸೇರಿಸಬೇಡಿ. ಔಷಧ ಕೊಟ್ಟಾಗ ಚೆಲ್ಲಿದ ಹಾಲನ್ನೂ ಸೇರಿಸಬೇಡಿ, ಅದರ ಮಾತು ಹಂತ 5ರಲ್ಲಿ ಬರುತ್ತದೆ.

## ಹಂತ 3: ಮೇವು, ಹಿಂಡಿ

ದೊಡ್ಡ ಖರ್ಚು ಇದೇ. ತಪ್ಪು ಜಾಸ್ತಿ ಆಗುವುದೂ ಇಲ್ಲೇ.

ಕೊಂಡ ಫೀಡ್ ಸುಲಭ. ಈ ಮನೆಯಲ್ಲಿ ವರ್ಷಕ್ಕೆ 50 ಕೆಜಿಯ 56 ಚೀಲ ಖರ್ಚಾಗಿದೆ, ಚೀಲಕ್ಕೆ 1,300ರಂತೆ 72,800 ರೂಪಾಯಿ. ಗಾಡಿ ಬಾಡಿಗೆ, ಹಮಾಲಿ ಚೀಲಕ್ಕೆ 20ರಂತೆ 1,120. ಕೆಲವರು ಗೋವಿನಜೋಳದ ನುಚ್ಚು, ಹತ್ತಿಕಾಳು ಹಿಂಡಿ, ಬೂಸಾ ತಂದು ಮನೆಯಲ್ಲೇ ಕಲಸುತ್ತಾರೆ. ಆಗ ಬೀಸಿಸಿದ ಕೂಲಿಯನ್ನೂ ಹಿಡಿಯಿರಿ. ಮನೆಯ ಗೋವಿನಜೋಳ ಹಾಕಿದ್ದರೆ ಅದಕ್ಕೆ ಎಪಿಎಂಸಿಯಲ್ಲಿ ಸಿಗುತ್ತಿದ್ದ ದರ ಹಾಕಿ, ಸೊನ್ನೆ ಬರೆಯಬೇಡಿ.

ಕಣಕಿಗೂ ಇದೇ ಮಾತು. "ನಮ್ಮ ಹೊಲದ್ದ ಐತಲ್ರಿ, ಅದಕ್ಕೇನ್ ಖರ್ಚು" ಅಂತ ಬಿಡುವುದು ಎಲ್ಲರೂ ಮಾಡುವ ತಪ್ಪು. ಅದನ್ನು ಊರಲ್ಲಿ ಇನ್ನೊಬ್ಬರಿಗೆ ಮಾರಿದ್ದರೆ ದುಡ್ಡು ಬರುತ್ತಿತ್ತು ಅಲ್ವಾ, ಆಕಳಿಗೆ ಹಾಕಿದಾಗ ಆ ದುಡ್ಡು ಹಾಲಿನೊಳಗೆ ಹೋಯಿತು. ಹಾಗಾಗಿ ಆ ವರ್ಷ ಊರಲ್ಲಿ ನಡೆದ ದರ ಹಾಕಿ. ತೂಕ ಹಿಡಿಯುವುದು ಹೀಗೆ: ಬಣವೆಯ ಬೇರೆ ಬೇರೆ ಜಾಗದಿಂದ ಹತ್ತು ಸೂಡು ತೆಗೆದು ತೂಗಿ, ಸರಾಸರಿ ತೆಗೆದು, ಒಟ್ಟು ಸೂಡಿನಿಂದ ಗುಣಿಸಿ. ಆಕಳಿಗೆ ದಿನಕ್ಕೆ 5 ಕೆಜಿ ಹಿಡಿದರೆ 730 ದಿನಕ್ಕೆ 3,650 ಕೆಜಿ. ಕಾಲಡಿ ತುಳಿದು ಹಾಳಾದದ್ದು ಸೇರಿ 4,000 ಕೆಜಿ. ಕೆಜಿಗೆ 5 ರೂಪಾಯಿಯಂತೆ 20,000. ಹಾಳಾದದ್ದನ್ನು ಕಳೆಯಬೇಡಿ, ಅದೂ ನಿಮ್ಮದೇ ದುಡ್ಡು. ಕತ್ತರಿಸದೆ ಉದ್ದಕ್ಕೆ ಹಾಕುವವರಲ್ಲಿ ಇದು ಇನ್ನೂ ಜಾಸ್ತಿ ಇರುತ್ತದೆ.

ಹಸಿ ಮೇವು ವರ್ಷದಲ್ಲಿ ಒಂದೇ ಸಮ ಸಿಗುವುದಿಲ್ಲ. ಬೇಸಿಗೆಯಲ್ಲಿ ಬೋರ್ ನೀರು ಕಡಿಮೆ ಆದಾಗ ಮೂರು ತಿಂಗಳು ಬರೀ ಕಣಕಿಯ ಮೇಲೆ ಇರುವ ಮನೆಗಳು ಎಷ್ಟೋ ಇವೆ. ತಿಂಗಳಿಗೆ ಎರಡು ದಿನ ತೂಗಿ ಸರಾಸರಿ ತೆಗೆಯಿರಿ. ಇಲ್ಲಿ ವರ್ಷಕ್ಕೆ 11,000 ಕೆಜಿ, ಕೆಜಿಗೆ 2 ರೂಪಾಯಿಯಂತೆ 22,000. ಊರಲ್ಲಿ ಹಸಿ ಮೇವು ಮಾರುವವರೇ ಇಲ್ಲದಿದ್ದರೆ ಆ ಗುಂಟೆಗಳ ಗೊಬ್ಬರ, ನೀರು, ಗಳೆ ಖರ್ಚು ಕೂಡಿಸಿ, ಅದೇ ಜಾಗದಲ್ಲಿ ಬೇರೆ ಬೆಳೆ ಹಾಕಿದ್ದರೆ ಉಳಿಯುತ್ತಿದ್ದ ದುಡ್ಡನ್ನೂ ಸೇರಿಸಿ.

ಖನಿಜ ಮಿಶ್ರಣ, ಉಪ್ಪು ಸೇರಿ 3,650. ಮೇವು-ಹಿಂಡಿ ಒಟ್ಟು 1,19,570 ರೂಪಾಯಿ.

ಕರುವಿಗೆ ಹಾಕಿದ ಫೀಡನ್ನು ಇದರಲ್ಲಿ ಸೇರಿಸಿಲ್ಲ. ಹೆಣ್ಣುಕರು ಸಾಕುವ ಖರ್ಚು ಹಾಲಿನದಲ್ಲ, ಮುಂದಿನ ಆಕಳದ್ದು. ಬೇರೆ ಪುಟದಲ್ಲಿ ಬರೆಯಿರಿ.

## ಹಂತ 4: ದುಡಿಮೆ

ಗಡಿಯಾರ ನೋಡಿ ಅಳೆಯಿರಿ. ಒಂದು ವಾರ ಸಾಕು. ಸಗಣಿ ಬಾಚುವುದು, ಹಾಲು ಹಿಂಡುವುದು, ಮೈ ತೊಳೆಯುವುದು, ಹುಲ್ಲು ಕೊಯ್ದು ತರುವುದು, ಡೇರಿಗೆ ಹೋಗಿ ಬರುವುದು, ಯಾರು ಎಷ್ಟು ಹೊತ್ತು ಮಾಡಿದರು ಅಂತ ಬರೆದುಕೊಳ್ಳಿ. ಈ ಮನೆಯಲ್ಲಿ ದಿನಕ್ಕೆ ಮೂರು ತಾಸು ಬಂತು. ಊರಿನ ಕೂಲಿ ಎಂಟು ತಾಸಿಗೆ 320 ಅಂತ ಹಿಡಿದರೆ ತಾಸಿಗೆ 40, ದಿನಕ್ಕೆ 120, ವರ್ಷಕ್ಕೆ 43,800 ರೂಪಾಯಿ.

ಬಹಳಷ್ಟು ಮನೆಗಳಲ್ಲಿ ಈ ಮೂರು ತಾಸಿನಲ್ಲಿ ಎರಡಕ್ಕೂ ಹೆಚ್ಚು ಹೆಣ್ಣುಮಕ್ಕಳದ್ದು. ಅವರ ಕೆಲಸಕ್ಕೆ ಸೊನ್ನೆ ಬರೆದರೆ ಹಾಲು ಅಗ್ಗವಾಗಿ ಕಾಣುತ್ತದೆ, ಆ ಅಗ್ಗದ ಭಾರ ಪೂರ್ತಿ ಅವರ ಮೈಮೇಲೆ ಬಿದ್ದಿರುತ್ತದೆ. ಹೊಲದ ಕೂಲಿಗೆ ಹೋಗಿದ್ದರೆ ಅವರಿಗೆ ಸಿಗುತ್ತಿದ್ದ ದರವನ್ನು ತಪ್ಪದೆ ಹಾಕಿ. ತಾಸು ಬರೆಯುವಾಗ ಅವರನ್ನೇ ಕೇಳಿ. ಬೆಳಿಗ್ಗೆ ಐದಕ್ಕೆ ಎದ್ದು ಮಾಡುವ ಕೆಲಸ ಮಲಗಿದ್ದವರಿಗೆ ಲೆಕ್ಕಕ್ಕೆ ಬರುವುದಿಲ್ಲ.

ಆಳು ಇಟ್ಟಿದ್ದರೆ ಸಂಬಳದ ಜೊತೆ ಊಟ, ಹಬ್ಬಕ್ಕೆ ಕೊಟ್ಟ ಬಟ್ಟೆ, ಎಲ್ಲ ಹಾಕಿ. ಆತ ಹೊಲದ ಕೆಲಸವನ್ನೂ ಮಾಡಿದರೆ ಕೊಟ್ಟಿಗೆಯಲ್ಲಿ ಕಳೆದ ತಾಸಿನಷ್ಟು ಮಾತ್ರ ಇಲ್ಲಿ ಬರಲಿ.

## ಹಂತ 5: ವೈದ್ಯರು, ಔಷಧ

ಇಲ್ಲಿ ಬಿಲ್ಲೇ ಇರುವುದಿಲ್ಲ, ಅದೇ ತೊಂದರೆ. ಡಾಕ್ಟರ್ ಬಂದು ಹೋದ ಕೂಡಲೇ ನೋಟ್‌ಬುಕ್ಕಿನಲ್ಲಿ ತಾರೀಖು, ಯಾವ ಆಕಳು, ಏನಾಗಿತ್ತು, ಎಷ್ಟು ಕೊಟ್ಟಿರಿ ಬರೆಯಿರಿ. ನಾಳೆ ಬರೆದರಾಯಿತು ಅಂದರೆ ಮರೆತುಹೋಗುತ್ತದೆ.

ಈ ಮನೆಯ ವರ್ಷದ ಲೆಕ್ಕ: ನಾಲ್ಕು ಸಲ ಕೃತಕ ಗರ್ಭಧಾರಣೆಗೆ 800, ಒಮ್ಮೆ ಕೆಚ್ಚಲು ಬಾವಿಗೆ 2,800, ಈದ ಮೇಲೆ ಹಾಲು ಜ್ವರ ಬಂದು ಕ್ಯಾಲ್ಸಿಯಂ ಹಾಕಿಸಿದ್ದು 1,200, ಜಂತಿನ ಔಷಧ ಮತ್ತು ಉಣ್ಣೆಗೆ 700, ಉಳಿದ ಚಿಕ್ಕಪುಟ್ಟದ್ದು 1,500. ಒಟ್ಟು 7,000. ಕಾಲುಬಾಯಿ ಬೇನೆಯ ಲಸಿಕೆಯನ್ನು ಸರ್ಕಾರ ಪುಕ್ಕಟೆ ಹಾಕುತ್ತದೆ, ಅದಕ್ಕೆ ಏನೂ ಬರೆಯಬೇಕಿಲ್ಲ.

ಕೆಚ್ಚಲು ಬಾವು ಬಂದಾಗ ಆ್ಯಂಟಿಬಯೋಟಿಕ್ ಕೊಟ್ಟ ದಿನಗಳಲ್ಲೂ, ಆಮೇಲೆ ಡಾಕ್ಟರ್ ಹೇಳಿದಷ್ಟು ದಿನವೂ ಹಾಲು ಡೇರಿಗೆ ಹಾಕುವಂತಿಲ್ಲ. ಇಲ್ಲಿ ಐದು ದಿನ, ದಿನಕ್ಕೆ 8 ಲೀಟರಿನಂತೆ 40 ಲೀಟರ್ ಚೆಲ್ಲಿದ್ದಾರೆ. ಇದನ್ನು ಹೇಗೆ ಹಿಡಿಯಬೇಕು ಅಂತ ಬಹಳ ಮಂದಿಗೆ ಗೊಂದಲ. ಹಾಲಿನ ಮೊತ್ತದಲ್ಲಿ ಆ 40 ಲೀಟರ್ ಸೇರಿಸದೆ ಬಿಟ್ಟರೆ ಸಾಕು. ತಿಂದ ಮೇವು ಖರ್ಚಿನಲ್ಲಿ ಇದ್ದೇ ಇದೆ, ಹಾಲು ಮಾತ್ರ ಇಲ್ಲ, ಹಾಗಾಗಿ ನಷ್ಟ ತಾನಾಗೇ ಉಳಿದ ಲೀಟರುಗಳ ಮೇಲೆ ಹಂಚಿಹೋಗುತ್ತದೆ. ಚೆಲ್ಲಿದ ಹಾಲಿನ ಬೆಲೆಯನ್ನು ಮತ್ತೆ ಖರ್ಚಿಗೆ ಹಾಕಿದರೆ ಒಂದೇ ನಷ್ಟವನ್ನು ಎರಡು ಸಲ ಎಣಿಸಿದಂತೆ.

## ಹಂತ 6: ಕಣ್ಣಿಗೆ ಕಾಣದ ಖರ್ಚು

65,000 ಕೊಟ್ಟು ತಂದ ಆಕಳು ಐದು ವರ್ಷ ಹಾಲು ಕೊಟ್ಟ ಮೇಲೆ 15,000ಕ್ಕೆ ಹೋದರೂ ದೊಡ್ಡದು. ನಡುವೆ ಕರಗಿದ 50,000 ಎಲ್ಲಿ ಹೋಯಿತು? ಹಾಲಿನಲ್ಲಿ ಹೋಯಿತು. ಅಂದರೆ ವರ್ಷಕ್ಕೆ ಒಂದು ಆಕಳಿಗೆ 10,000, ಎರಡಕ್ಕೆ 20,000. ಮುದಿ ಆಕಳಿಗೆ ಸಿಗುವ ಬೆಲೆಯನ್ನು ಆಸೆಯಿಂದ ಜಾಸ್ತಿ ಬರೆಯಬೇಡಿ. ಮನೆಯಲ್ಲೇ ಹುಟ್ಟಿ ಬೆಳೆದ ಆಕಳಾದರೆ ಅಂಥದ್ದನ್ನೇ ಸಂತೆಯಲ್ಲಿ ಕೊಳ್ಳಲು ಎಷ್ಟು ಕೊಡಬೇಕೋ ಅಷ್ಟು ಹಿಡಿಯಿರಿ.

ಕೊಟ್ಟಿಗೆ ಮತ್ತು ಮೇವು ಕತ್ತರಿಸುವ ಯಂತ್ರದ ಸವಕಳಿ 6,000. ವಿಮೆ 3,000, ಕರೆಂಟ್, ಹಗ್ಗ, ಬಕೆಟ್, ರಿಪೇರಿ ಸೇರಿ 3,600.

ಸಾಲ ಇದ್ದರೆ ಬಡ್ಡಿ ಮಾತ್ರ ಇಲ್ಲಿ ಬರಬೇಕು. ಅಸಲಿನ ಕಂತು ಬರಬಾರದು, ಯಾಕಂದ್ರೆ ಆಕಳ ಬೆಲೆ ಕರಗಿದ್ದನ್ನು ಈಗಷ್ಟೇ ಹಿಡಿದಿದ್ದೇವೆ. ತಿಂಗಳ ಕಂತನ್ನು ಪೂರ್ತಿ ಖರ್ಚಿಗೆ ಹಾಕಿ "ಲೀಟರಿಗೆ 50 ಬೀಳ್ತದೆ" ಅನ್ನುವವರ ಲೆಕ್ಕ ಇಲ್ಲೇ ತಪ್ಪಿರುತ್ತದೆ. ಈ ಮನೆಗೆ ಸಾಲ ಇಲ್ಲ ಅಂತ ಹಿಡಿದಿದ್ದೇವೆ.

## ಹಂತ 7: ಕೂಡಿಸಿ, ಕಳೆದು, ಭಾಗಿಸಿ

- ಮೇವು, ಹಿಂಡಿ: 1,19,570
- ದುಡಿಮೆ: 43,800
- ವೈದ್ಯರು, ಔಷಧ: 7,000
- ವಿಮೆ, ಕರೆಂಟ್, ಇತರೆ: 6,600
- ಸವಕಳಿ: 26,000
- ಒಟ್ಟು: 2,02,970

ಇದರಿಂದ ಗೊಬ್ಬರದ ಬೆಲೆ ಕಳೆಯಬೇಕು. ಮೂರು ಟ್ರಾಲಿ ಗೊಬ್ಬರ, ಟ್ರಾಲಿಗೆ 2,500ರಂತೆ 7,500. ಸ್ವಂತ ಹೊಲಕ್ಕೆ ಹಾಕಿದ್ದರೂ ಕಳೆಯಿರಿ, ಕಣಕಿಗೆ ಬೆಲೆ ಹಾಕಿದ ಮೇಲೆ ಗೊಬ್ಬರಕ್ಕೂ ಹಾಕುವುದೇ ನ್ಯಾಯ. ಉಳಿದದ್ದು 1,95,470. ಅದನ್ನು 4,910ರಿಂದ ಭಾಗಿಸಿದರೆ ಲೀಟರಿಗೆ 39 ರೂಪಾಯಿ 81 ಪೈಸೆ.

ಪಕ್ಕದಲ್ಲೇ ಇನ್ನೊಂದು ಅಂಕಿ ಬರೆಯಿರಿ. ಕೊಟ್ಟಿಗೆಗಾಗಿ ಕೈಯಿಂದ ನೇರ ಹೋದ ದುಡ್ಡು ಫೀಡ್ ಮತ್ತು ಸಾಗಾಟ, ಖನಿಜ ಮಿಶ್ರಣ, ಔಷಧ, ವಿಮೆ ಮತ್ತಿತರೆ ಸೇರಿ 91,170. ಅದು ಲೀಟರಿಗೆ 18 ರೂಪಾಯಿ 57 ಪೈಸೆ. ಎರಡೂ ಅಂಕಿ ನಿಜ, ಆದರೆ ಉಪಯೋಗ ಬೇರೆ ಬೇರೆ. ಈ ತಿಂಗಳು ಅಂಗಡಿ ಬಾಕಿ ತೀರಿಸಲು ಆಗುತ್ತದಾ ಅಂತ ನೋಡಲು ಎರಡನೆಯದು. ಇನ್ನೊಂದು ಆಕಳು ತರಬೇಕಾ, ಇದನ್ನೇ ಮುಂದುವರಿಸಬೇಕಾ ಅಂತ ತೀರ್ಮಾನಿಸಲು ಮೊದಲನೆಯದು. 18 ರೂಪಾಯಿ ನೋಡಿ ಸಾಲ ಮಾಡಿ ಆಕಳು ತರುವುದೇ ದೊಡ್ಡ ಅಪಾಯ.

## ಹಂತ 8: ಲೆಕ್ಕ ತಪ್ಪಿದ್ದರೆ ತಿಳಿಯುವುದು ಹೇಗೆ

ಮೇವು-ಹಿಂಡಿಯ ಪಾಲು ನೋಡಿ. ಎಲ್ಲ ಹಿಡಿದಾಗ ಅದು ಒಟ್ಟು ಖರ್ಚಿನಲ್ಲಿ ಸುಮಾರು ಶೇ. 60ರಿಂದ 70 ಇರುತ್ತದೆ, ಇಲ್ಲಿ 59 ಬಂದಿದೆ. 50ಕ್ಕಿಂತ ಕೆಳಗಿದ್ದರೆ ಸ್ವಂತ ಮೇವು ಬಿಟ್ಟುಹೋಗಿದೆ. 80 ದಾಟಿದರೆ ದುಡಿಮೆಯೋ ಸವಕಳಿಯೋ ಬಿಟ್ಟುಹೋಗಿದೆ.

ಆಮೇಲೆ ಫೀಡನ್ನು ಹಾಲಿನಿಂದ ಭಾಗಿಸಿ. 56 ಚೀಲ ಅಂದರೆ 2,800 ಕೆಜಿ, ಲೀಟರಿಗೆ ಸುಮಾರು 570 ಗ್ರಾಂ. ಮೈ ಕಾಯಲು ದಿನಕ್ಕೆ ಒಂದು ಕೆಜಿ, ಜೊತೆಗೆ ಎರಡೂವರೆ ಲೀಟರ್ ಹಾಲಿಗೆ ಒಂದು ಕೆಜಿ ಅನ್ನುವುದು ಆಕಳಿಗೆ ಹಿಡಿಯುವ ರೂಢಿ, ಅದಕ್ಕೆ ಇದು ಹೊಂದುತ್ತದೆ. 700 ಗ್ರಾಂ ದಾಟಿದರೆ ಒಂದೋ ಹಾಲು ಬರೆಯುವುದು ತಪ್ಪಿದೆ, ಇಲ್ಲಾ 14 ಲೀಟರ್ ಕೊಡುವಾಗ ಹಾಕುತ್ತಿದ್ದ ಆರೂವರೆ ಕೆಜಿಯನ್ನೇ ಹಾಲು 6 ಲೀಟರಿಗೆ ಇಳಿದ ಮೇಲೂ ಹಾಕುತ್ತಿದ್ದೀರಿ. ಎರಡನೆಯದು ಬಹಳ ಕಡೆ ನಡೆಯುತ್ತದೆ. ಆ ಹೊತ್ತಿಗೆ ಮೂರೂವರೆ ಕೆಜಿ ಸಾಕು. ಗಬ್ಬದ ಕೊನೆಯ ಎರಡು ತಿಂಗಳು ಮಾತ್ರ ಒಂದು ಕೆಜಿ ಹೆಚ್ಚಿಗೆ ಹಾಕಬೇಕು, ಅಲ್ಲಿ ಉಳಿಸಲು ಹೋದರೆ ಮುಂದಿನ ಹಾಲಿಗೇ ಪೆಟ್ಟು ಬೀಳುತ್ತದೆ.

ಮೂರನೆಯದು ಬೆದೆ. ಒಂದು ಬೆದೆ ತಪ್ಪಿದರೆ 21 ದಿನ ಹೋಯಿತು. ಅವು ಕೊನೆಗೆ ಹಾಲಿಲ್ಲದ ಇಲ್ಲವೇ ತೀರ ಕಡಿಮೆ ಹಾಲಿನ ದಿನಗಳಾಗಿ ಬಂದು ಸೇರುತ್ತವೆ. ಬತ್ತಿದ ಆಕಳು ಈ ಲೆಕ್ಕದಲ್ಲಿ ದಿನಕ್ಕೆ ಸುಮಾರು 86 ರೂಪಾಯಿಯಷ್ಟು ತಿನ್ನುತ್ತದೆ, 21 ದಿನಕ್ಕೆ 1,800 ಆಯಿತು. ಹಾಗಾಗಿ ಬೆದೆಗೆ ಬಂದ ತಾರೀಖು, ಇಂಜೆಕ್ಷನ್ ಮಾಡಿಸಿದ ತಾರೀಖು ಎರಡೂ ಅದೇ ನೋಟ್‌ಬುಕ್ಕಿನಲ್ಲಿ ಇರಲಿ. ಹಾಲಿನ ದಿನಗಳ ಪಾಲು ಶೇ. 70ಕ್ಕಿಂತ ಕೆಳಗೆ ಬಂದರೆ ಫೀಡ್ ಬದಲಿಸುವ ಯೋಚನೆ ಬಿಟ್ಟು ಮೊದಲು ಆಕಳು ಯಾಕೆ ಗಬ್ಬ ಆಗುತ್ತಿಲ್ಲ ಅಂತ ಡಾಕ್ಟರ್ ಹತ್ತಿರ ತೋರಿಸಿ.

## ಹಂತ 9: ಸಿಗುವ ದರದ ಪಕ್ಕ ಇಟ್ಟು ನೋಡಿ

ಡೇರಿ ಬೋರ್ಡಿನಲ್ಲಿ ಬರೆದ ದರ ಹಿಡಿಯಬೇಡಿ. ಫ್ಯಾಟ್ ಮತ್ತು ಎಸ್‌ಎನ್‌ಎಫ್ ಮೇಲೆ ನಿಮ್ಮ ಹಾಲಿಗೆ ಬೇರೆ ದರ ಬೀಳುತ್ತದೆ. ವರ್ಷದಲ್ಲಿ ಡೇರಿಯಿಂದ ಬಂದ ಒಟ್ಟು ದುಡ್ಡನ್ನು ಹಾಕಿದ ಲೀಟರಿನಿಂದ ಭಾಗಿಸಿ, ಅದೇ ನಿಮ್ಮ ನಿಜವಾದ ದರ. ರಾಜ್ಯ ಸರ್ಕಾರ ಲೀಟರಿಗೆ ಇಷ್ಟು ಅಂತ ಕೊಡುವ ಪ್ರೋತ್ಸಾಹಧನವನ್ನು ಆದಾಯದ ಕಡೆ ಬರೆಯಿರಿ, ಖರ್ಚಿನಿಂದ ಕಳೆಯಬೇಡಿ. ಅದೂ ಬ್ಯಾಂಕಿಗೆ ಬಂದ ಮೇಲೆ, ಬಂದಷ್ಟಕ್ಕೆ.

ಎಲ್ಲ ಸೇರಿ ಲೀಟರಿಗೆ 40 ಬಂತು ಅಂದುಕೊಳ್ಳಿ. 39.81ಕ್ಕೆ ಸರಿಸಮ. ಇದು ನಷ್ಟ ಅಲ್ಲ. ಮನೆಯವರಿಗೆ ತಾಸಿಗೆ 40ರ ಕೂಲಿ ಸಿಕ್ಕಿತು, ಕಣಕಿಗೆ ಊರಿನ ಬೆಲೆ ಸಿಕ್ಕಿತು ಅಂತ ಅರ್ಥ. ಆದರೆ 36 ಮಾತ್ರ ಬಂದರೆ? ಲೀಟರಿಗೆ 3.81 ಕಡಿಮೆ, 4,910 ಲೀಟರಿಗೆ ಸುಮಾರು 18,700. ಆ ದುಡ್ಡು ಅಂಗಡಿಯವನ ಬಾಕಿಯಲ್ಲಿ ಕಡಿಮೆ ಆಗುವುದಿಲ್ಲ, ದುಡಿಮೆಯ 43,800ರಲ್ಲೇ ಕಡಿಮೆ ಆಗುತ್ತದೆ. ಉಳಿದ 25,100ನ್ನು ವರ್ಷದ 1,095 ತಾಸಿಗೆ ಹಂಚಿದರೆ ತಾಸಿಗೆ 23 ರೂಪಾಯಿ. ಈ ಅಂಕಿಯನ್ನು ಮನೆಯಲ್ಲಿ ಎಲ್ಲರೂ ಕೂತು ನೋಡಬೇಕು, ಬೆಳಿಗ್ಗೆ ಎದ್ದು ಸಗಣಿ ಬಾಚುವವರು ಮೊದಲು.

ವರ್ಷದ ನಡುವೆ ಬೆಲೆ ಬದಲಾದರೆ ಎಲ್ಲ ಮತ್ತೆ ಶುರು ಮಾಡಬೇಕಿಲ್ಲ. ಫೀಡ್ ಚೀಲಕ್ಕೆ 100 ರೂಪಾಯಿ ಏರಿದರೆ 56 ಚೀಲಕ್ಕೆ 5,600, ಅಂದರೆ ಲೀಟರಿಗೆ 1 ರೂಪಾಯಿ 14 ಪೈಸೆ. ಇಂಥ ಒಂದು ಸಾಲನ್ನು ನಿಮ್ಮ ಚೀಲದ ಸಂಖ್ಯೆ, ನಿಮ್ಮ ಲೀಟರ್ ಹಾಕಿ ನೋಟ್‌ಬುಕ್ಕಿನ ಮೊದಲ ಪುಟದಲ್ಲೇ ಬರೆದಿಟ್ಟುಕೊಳ್ಳಿ. ಡೇರಿ ದರ ಒಂದು ರೂಪಾಯಿ ಏರಿದ ವಾರವೇ ಫೀಡ್ ಚೀಲಕ್ಕೂ ನೂರು ಏರಿದರೆ ನಿಮಗೆ ಉಳಿದದ್ದು ಏನು ಅಂತ ಅಲ್ಲೇ ಗೊತ್ತಾಗುತ್ತದೆ.